ಸೈಟಿನ ನಡುವಿನ ಸ್ಟೇಜು

ಟೇಲರಕ್ಕನಿಗೆ ನೋಟೀಸು ಬಂದದ್ದು ಮದುವೆ ಬ್ಲೌಸೊಂದಕ್ಕೆ ತೋಳು ಕೂಡಿಸುವ ಹೊತ್ತಿನಲ್ಲಿ. ಪೋಸ್ಟಿನವನು ಸಹಿ ಹಾಕಿಸಿಕೊಂಡು ಹೋದ. ಅವಳು ಕವರನ್ನು ಕತ್ತರಿಯಿಂದ ಸೀಳಿ, ಎರಡು ಸಾಲು ಓದಿ, ಅದನ್ನು ಮೆಷಿನ್ನಿನ ಕೆಳಗಿನ ಡ್ರಾಯರಿಗೆ ಹಾಕಿ, ತೋಳು ಕೂಡಿಸುವುದನ್ನು ಮುಗಿಸಿದಳು. ಎಡತೋಳು ಬಲಕ್ಕೆ, ಬಲತೋಳು ಎಡಕ್ಕೆ ಹೋಗಿತ್ತು. ಮೂವತ್ತು ವರ್ಷ ಬಟ್ಟೆ ಹೊಲಿದವಳ ಕೈಯಲ್ಲಿ ಇಂಥದ್ದು ಆಗುತ್ತದೆ ಅಂದರೆ ಆ ಕಾಗದದಲ್ಲಿ ಏನೋ ಇತ್ತು ಅಂತಲೇ ಅರ್ಥ.

ಇದ್ದದ್ದು ಇಷ್ಟು. ಅವಳೂ ತಂಗಿಯೂ ಸೇರಿ ಅಪ್ಪನ ಸೈಟು ಮಾರಿದ್ದರು. ಮಾರಿದ ಬೆಲೆ ಇಷ್ಟು ಅಂತ ರಿಜಿಸ್ಟರ್ ಆಗಿದೆ, ಆದರೆ ಆ ರಸ್ತೆಗೆ ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ಬೆಲೆ ಅದಕ್ಕಿಂತ ತುಂಬ ಜಾಸ್ತಿ. ಹಾಗಾಗಿ ನೀವು ತೋರಿಸಿದ ಬೆಲೆ ಬಿಟ್ಟು ಆ ಹೆಚ್ಚಿನ ಬೆಲೆಯನ್ನೇ ನಿಮ್ಮ ಮಾರಾಟದ ಬೆಲೆ ಅಂತ ಯಾಕೆ ಹಿಡಿಯಬಾರದು, ಕಾರಣ ತಿಳಿಸಿ. ಕೆಳಗೆ ತೆರಿಗೆ ಆಫೀಸರ ಸಹಿ.

ಸಂಜೆ ಅದನ್ನು ಹಿಡಿದುಕೊಂಡು ಆಡಿಟರ್ ಹತ್ತಿರ ಹೋದಳು. ಆಡಿಟರು ಅಂದರೆ ಮೆಡಿಕಲ್ ಶಾಪಿನ ಮೇಲಿನ ಒಂದೇ ಕೋಣೆ, ಅದರ ತುಂಬ ಕಡತ, ಕಡತಗಳ ನಡುವೆ ಒಂದು ತಲೆ. ಆ ತಲೆಗೆ ವರ್ಷವಿಡೀ ನೆಗಡಿ.

"ನಾನು ಆವತ್ತೇ ಹೇಳಿರ್ಲಿಲ್ವಾ, ಪ್ರಶ್ನೆ ಕೇಳ್ತಾರೆ ಅಂತ" ಅಂದರು ಮೂಗೊರೆಸುತ್ತ.

"ಹೇಳಿದ್ರಿ. ಆದ್ರೆ ನಾನು ಕದ್ದಿದೀನಾ ಸಾರ್? ಬಂದ ದುಡ್ಡೆಲ್ಲ ಬ್ಯಾಂಕಿಗೇ ಬಂದಿದೆ. ಒಂದು ಪೈಸೆ ಕೈಯಲ್ಲಿ ಮುಟ್ಟಿಲ್ಲ."

"ಗೊತ್ತಮ್ಮ. ಕದ್ದಿದೀರಿ ಅಂತ ಈ ನೋಟೀಸು ಹೇಳ್ತಾನೂ ಇಲ್ಲ. ಸ್ವಲ್ಪಸ್ವಲ್ಪ ಹೆಚ್ಚುಕಮ್ಮಿ ಇದ್ರೆ, ನೂರಕ್ಕೆ ಹತ್ತರೊಳಗೆ, ಬಿಟ್ಬಿಡ್ತಾರೆ. ನಿಮ್ಮದು ಅರ್ಧದ ಹತ್ರ ಇದೆ. ಅಷ್ಟು ವ್ಯತ್ಯಾಸ ಇದ್ರೆ, ನೀವು ತಗೊಂಡಿದ್ದು ಎಷ್ಟೇ ಇರ್ಲಿ, ಸರ್ಕಾರದ ಬೆಲೆ ತಗೊಂಡ ಹಾಗೇ ಲೆಕ್ಕ. ತಗೊಂಡಿರಿ ಅಂತ ಅಲ್ಲ, ತಗೊಂಡ ಹಾಗೆ. ಅದರ ಮೇಲೆ ತೆರಿಗೆ."

"ತಗೊಳ್ದೇ ಇರೋದಕ್ಕೆ ತೆರಿಗೆ?"

"ಹೂಂ" ಅಂದರು ಆಡಿಟರು. ಪಾಪ, ಈ ಮಾತನ್ನು ಅವರು ಎಷ್ಟು ಜನಕ್ಕೆ ಹೇಳಿದ್ದರೋ, ಮುಖದಲ್ಲಿ ಸಂಕೋಚವಿತ್ತು. "ಒಂದು ದಾರಿ ಇದೆ. ಸೈಟು ನಿಜವಾಗ್ಲೂ ಅಷ್ಟು ಬೆಲೆ ಬಾಳಲ್ಲ, ಅದಕ್ಕೆ ದೋಷ ಇದೆ ಅಂತ ನಾವು ಆಕ್ಷೇಪಣೆ ಹಾಕೋದು. ಆಗ ಆಫೀಸರು ಅದನ್ನ ಸರ್ಕಾರದ ವ್ಯಾಲ್ಯುಯರ್‌ಗೆ ಕಳಿಸ್ತಾರೆ. ಅವರು ಬಂದು ಜಾಗ ನೋಡಿ, ಮಾರಿದ ದಿನ ಅದು ಎಷ್ಟು ಬಾಳ್ತಿತ್ತು ಅಂತ ಬರೀತಾರೆ. ಅವರು ಬರೆದಿದ್ದು ಸರ್ಕಾರದ ಬೆಲೆಗಿಂತ ಕಮ್ಮಿ ಇದ್ರೆ ಆ ಕಮ್ಮಿಯದ್ದೇ ಖಾಯಂ. ಏನು ದೋಷ ಅದಕ್ಕೆ?"

"ಅಡಿಯಲ್ಲಿ ಊರಿನ ಒಳಚರಂಡಿ ಹೋಗಿದೆ. ಮೂಲೆಯಿಂದ ಮೂಲೆಗೆ."

ಆಡಿಟರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಅದರ ಮೇಲೆ ಮನೆ ಕಟ್ಟೋ ಹಾಗೇ ಇಲ್ಲ. ಅಕ್ಕಪಕ್ಕ ಜಾಗ ಬಿಡಬೇಕು. ಇದು ಒಳ್ಳೆ ಸುದ್ದಿ ಕಣಮ್ಮ."

ಅಲ್ಲ, ನೀವೇ ಹೇಳಿ, ಸೈಟಿನಡಿ ಚರಂಡಿ ಇರುವುದು ಒಳ್ಳೆ ಸುದ್ದಿ ಆಗುವುದು ಈ ಒಂದು ಕೋಣೆಯಲ್ಲಿ ಮಾತ್ರ.

ತೆರಿಗೆಯ ಮಾತು ಒಂದು ಕಡೆ ಇರಲಿ. ಟೇಲರಕ್ಕನ ನಿದ್ದೆ ಕೆಡಿಸಿದ್ದು ಅದಲ್ಲ. ಸೈಟು ಇಬ್ಬರ ಹೆಸರಲ್ಲಿತ್ತಲ್ಲ, ಅಂಥದ್ದೇ ಇನ್ನೊಂದು ನೋಟೀಸು ಬೇರೆ ಊರಿನಲ್ಲಿದ್ದ ತಂಗಿಗೂ ಹೋಗಿತ್ತು.

ತಂಗಿಯನ್ನು ಚಿಕ್ಕಂದಿನಿಂದ ಎಲ್ಲರೂ ಕರೆಯುವುದು ಮೈನಾ ಅಂತ. ಬಾಯಿ ಮುಚ್ಚಿದ್ದರೆ ಹಾಡು ಗಂಟಲಲ್ಲೇ ಗುನುಗುತ್ತಿತ್ತು, ಬಾಯಿ ತೆರೆದರೆ ಬೀದಿಗೆಲ್ಲ ಕೇಳುತ್ತಿತ್ತು. ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಅಮ್ಮ ಬೇಗ ಹೋದಳು, ಅಪ್ಪ ಬೆಳಗಿನಿಂದ ಸಂಜೆವರೆಗೆ ಮೆಷಿನ್ನು ತುಳಿಯುತ್ತಿದ್ದ. ಮೈನಾಳ ತಲೆ ಬಾಚಿದ್ದು, ಜ್ವರ ಬಂದರೆ ಎದ್ದು ಕೂತದ್ದು, ಪರೀಕ್ಷೆಗೆ ಎಬ್ಬಿಸಿದ್ದು ಎಲ್ಲ ಅಕ್ಕನೇ. ಅಕ್ಕ ಅಂದರೆ ಅವಳಿಗೆ ಅರ್ಧ ಅಮ್ಮ. ಸೈಟು ಮಾರುವಾಗಲೂ "ನೀನು ಹೇಳಿದ್ದಕ್ಕೆ ನನ್ನದು ಸೈ ಅಕ್ಕ" ಅಂದು, ರಿಜಿಸ್ಟ್ರಾರ್ ಆಫೀಸಿಗೆ ಬಂದು, ಹೆಬ್ಬೆರಳು ಒತ್ತಿ, ಫೋಟೋಗೆ ಮುಖ ಕೊಟ್ಟು, ಮಧ್ಯಾಹ್ನದ ಬಸ್ಸಿಗೆ ಹೊರಟುಹೋಗಿದ್ದಳು. ಪತ್ರ ಬರೆಯುವವನು ಏನೋ ಅಂದಿದ್ದ, ಸ್ಟ್ಯಾಂಪ್ ಶುಲ್ಕ ಸರ್ಕಾರಿ ಬೆಲೆ ಮೇಲೆ ಕಟ್ಟಿದ್ದೀವಿ, ಬೆಲೆ ಮಾತ್ರ ನಿಜದ್ದೇ ಬರೆದಿದ್ದೀವಿ ಅಂತ. ಅವಳು ಕಿವಿಗೂ ಹಾಕಿಕೊಂಡಿರಲಿಲ್ಲ.

ನೋಟೀಸು ಬಂದ ಮೂರನೇ ದಿನ ಫೋನು ಮಾಡಿದಳು. ದನಿಯಲ್ಲಿ ಹಾಡಿರಲಿಲ್ಲ.

"ಅಕ್ಕ, ಈ ವ್ಯತ್ಯಾಸದ ದುಡ್ಡು ಎಲ್ಲಿ ಹೋಯ್ತು?"

"ಎಲ್ಲಿಂದ ಬಂತು ಅಂತ ಕೇಳು ಮೊದ್ಲು. ಬಂದಿದ್ರೆ ತಾನೇ ಹೋಗೋದು."

"ಸರ್ಕಾರದವರು ಸುಮ್ಮಸುಮ್ಮನೆ ಬರೀತಾರಾ? ನಮ್ಮ ಯಜಮಾನ್ರು ಹೇಳ್ತಿದ್ರು, ಹೀಗೆ ಬರೆದಿದ್ದಾರೆ ಅಂದ್ರೆ ಮಿಕ್ಕಿದ್ದು ಕೈಯಲ್ಲಿ ತಗೊಂಡಿರ್ತಾರೆ ಅಂತ."

"ನಿನ್ನ ಯಜಮಾನ್ರು ಹೇಳಿದ್ದು ಬಿಡು. ನೀನು ಏನು ಹೇಳ್ತೀಯ?"

ಆ ಕಡೆಯಿಂದ ನೋಟೀಸಿನ ಹಾಳೆ ಮಗುಚುವ ಸದ್ದು ಬಂತು. ಆ ಸದ್ದಿಗೆ ಟೇಲರಕ್ಕನ ಎದೆಗೆ ಸೂಜಿ ಚುಚ್ಚಿದ ಹಾಗಾಯಿತು.

"ಮೈನಾ, ಆ ಸೈಟಿನಡಿ ಚರಂಡಿ ಇದೆ ಕಣೆ. ಅದಕ್ಕೇ ಯಾರೂ ತಗೊಳ್ತಿರ್ಲಿಲ್ಲ. ಬೇಕರಿ ಸಾಹುಕಾರ ಒಬ್ಬ ಮುಂದೆ ಬಂದ, ಪೂರ್ತಿ ಬ್ಯಾಂಕಿಗೇ ಹಾಕ್ದ. ಅದಕ್ಕೆ ಕೊಟ್ಟೆ."

"ಯಾವ ಚರಂಡಿ? ನಾನು ಆ ಸೈಟಲ್ಲಿ ಆಡಿ ಬೆಳೆದೋಳು ಅಕ್ಕ. ಒಂದು ದಿನಾನೂ ಚರಂಡಿ ನೋಡಿಲ್ಲ. ಅಲ್ಲಿದ್ದದ್ದು ನನ್ನ ಸ್ಟೇಜು. ಅಪ್ಪ ಕಟ್ಟಿಸಿದ್ದು. ಮತ್ತೆ, ಇವರು ಆ ಬೇಕರಿಯವನಿಗೂ ಫೋನ್ ಮಾಡಿದ್ರು. ಅವನು ಏನಂದ ಗೊತ್ತಾ? ಬಹಳ ಒಳ್ಳೆ ಸೈಟು, ಒಂದು ದೋಷಾನೂ ಇಲ್ಲ ಅಂದ."

ಇಲ್ಲಿ ಟೇಲರಕ್ಕನ ನಾಲಿಗೆ ತುದಿಗೆ ಒಂದು ಮಾತು ಬಂತು. ಬಂದದ್ದನ್ನು ನುಂಗಿಕೊಂಡಳು. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಅಪ್ಪ ಆ ಸೈಟು ಕೊಂಡದ್ದೇ ಅಗ್ಗಕ್ಕೆ. ಯಾರಿಗೂ ಬೇಡದ್ದು ನಮಗಾದರೂ ಇರಲಿ ಅಂತ. ರಸ್ತೆಗಿಂತ ತಗ್ಗಿನಲ್ಲಿತ್ತು. ನಡುವೆ ದುಂಡಗೆ, ನೆಲದಿಂದ ಒಂದು ಮೊಳ ಎತ್ತರಕ್ಕೆ ಸಿಮೆಂಟಿನ ಕಟ್ಟೆ, ಅದರ ಮೇಲೆ ಮುಚ್ಚಳ. ಚರಂಡಿಯೊಳಗೆ ಇಳಿಯುವ ಗುಂಡಿ ಅದು. ಬೀದಿಯ ಮಕ್ಕಳು ಅದಕ್ಕೆ ಇಟ್ಟ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಂದು ದಿನ ಆ ಹೆಸರು ಹಿಡಿದು ಅವರೆಲ್ಲ ಮೈನಾಳನ್ನು ಆಡಿಕೊಂಡರು. ಅವಳಿಗಿನ್ನೂ ಶಾಲೆಗೆ ಸೇರುವ ವಯಸ್ಸೂ ಆಗಿರಲಿಲ್ಲ, ಅಳುತ್ತ ಬಂದಳು. ಅಕ್ಕನಿಗೆ ಆಗ ಹನ್ನೆರಡೋ ಹದಿಮೂರೋ. ಆ ಕಟ್ಟೆಯನ್ನು ನೀರು ಹಾಕಿ ತಿಕ್ಕಿ ತೊಳೆದಳು. ಮುಚ್ಚಳದ ಮೇಲೆ ಗೋಣಿತಾಟು ಹಾಸಿದಳು. ಅದರ ಮೇಲೆ ಅಪ್ಪನ ಅಂಗಡಿಯ ಕೆಂಪು ಲೈನಿಂಗ್ ಬಟ್ಟೆ. "ಅವರಿಗೇನು ಗೊತ್ತು? ಇದು ಸ್ಟೇಜು. ನೀನು ಹಾಡ್ತೀಯ ಅಂತ ಅಪ್ಪ ನಿನಗೋಸ್ಕರ ಕಟ್ಟಿಸಿದ್ದು" ಅಂದಳು. ಮೈನಾ ಹತ್ತಿ ನಿಂತು ಹಾಡಿದಳು. ಆಮೇಲೆ ಹೆಚ್ಚುಕಮ್ಮಿ ದಿನಾ ಸಂಜೆ ಅದೇ, ಅವಳು ಹಾಡುವುದು, ಅಕ್ಕ ಎದುರಿಗೆ ಕೂತು ಕೇಳುವುದು. ಮಳೆಗಾಲದಲ್ಲಿ ವಾಸನೆ ಬಂದರೆ ತಪ್ಪನ್ನು ಪಕ್ಕದ ಮನೆಯ ಕೋಳಿಗೂಡಿನ ಮೇಲೆ ಹಾಕುವುದು. ಪಾಪದ ಕೋಳಿಗಳು.

ಮೈನಾ ದೊಡ್ಡವಳಾದಳು, ಸ್ಟೇಜು ಮಾತ್ರ ಹಾಗೇ ಉಳಿಯಿತು. ಇವತ್ತಿಗೂ ಶಾಲೆಯಲ್ಲಿ ಹೊಸ ಮಕ್ಕಳು ನಾಚಿಕೊಂಡು ನಿಂತರೆ ಅವಳು ಹೇಳುವ ಮೊದಲ ಮಾತು: "ನಮ್ಮಪ್ಪ ಬಟ್ಟೆ ಹೊಲೀತಿದ್ದ, ಕೈಯಲ್ಲಿ ಕಾಸಿರ್ಲಿಲ್ಲ, ಆದ್ರೂ ನನಗೆ ಅಂತ ಒಂದು ಸ್ಟೇಜು ಕಟ್ಟಿಸಿದ್ದ." ಈ ಮಾತನ್ನು ಟೇಲರಕ್ಕ ಸ್ವಂತ ಕಿವಿಯಿಂದ ಕೇಳಿದ್ದಳು, ಶಾಲೆಯ ಕಾರ್ಯಕ್ರಮಕ್ಕೆ ಹೋದಾಗ. ಅಂಥವಳಿಗೆ ಫೋನಿನಲ್ಲಿ, ಅದೂ ಜಗಳದ ಮಧ್ಯೆ, ನಿನ್ನ ಸ್ಟೇಜೇ ಆ ಚರಂಡಿಯ ಮುಚ್ಚಳ ಕಣೆ ಅಂತ ಹೇಗೆ ಹೇಳುವುದು? ಹೇಳಿದರೆ ತಾನು ನಿರಪರಾಧಿ ಆಗಬಹುದು. ಆದರೆ ಅಪ್ಪನನ್ನು ಅವಳಿಂದ ಕಿತ್ತುಕೊಂಡ ಹಾಗಾಗುತ್ತದೆ.

"ವ್ಯಾಲ್ಯುಯರ್ ಬರ್ತಾರೆ, ಅವರೇ ನೋಡಿ ಹೇಳ್ಲಿ" ಅಂದಳು ಕೊನೆಗೆ. "ನೀನೂ ಬಾ ಬೇಕಾದ್ರೆ."

"ಬರ್ತೀನಿ" ಅಂದಳು ಮೈನಾ. ಅದು ಕರೆಗೆ ಓಗೊಟ್ಟ ಮಾತಲ್ಲ, ಸವಾಲು ಹಾಕಿದ ಮಾತು.

ಜಾಗ ನೋಡುವ ದಿನ ಗೊತ್ತಾಯಿತು. ಅದಕ್ಕೆ ಮೊದಲು ಆಡಿಟರು ನಗರಸಭೆಗೆ ಒಳಚರಂಡಿಯ ನಕ್ಷೆ ಕೇಳಿ ಅರ್ಜಿ ಹಾಕಿದ್ದರು. ಹಳೆಯ ನಕ್ಷೆ ಸಿಗುತ್ತಿಲ್ಲ, ಹುಡುಕುತ್ತಿದ್ದೇವೆ ಅಂತ ಉತ್ತರ ಬಂತು. ರಸ್ತೆಯ ಮೇಲಿನ ಮುಚ್ಚಳಗಳನ್ನು ತೋರಿಸೋಣ ಅಂದರೆ ಟಾರು ಹಾಕಿದವರು ಎಲ್ಲವನ್ನೂ ಟಾರಿನಡಿ ಸಮಾಧಿ ಮಾಡಿ ಹೋಗಿದ್ದರು.

ಟೇಲರಕ್ಕ ಆಡಿಟರ ಜೊತೆ ಸೈಟಿಗೆ ಹೋದಳು. ಹೋದವಳು ರಸ್ತೆಯಲ್ಲೇ ನಿಂತುಬಿಟ್ಟಳು. ಮಾರಿದ ಮೇಲೆ ಆ ಕಡೆ ಬಂದಿರಲಿಲ್ಲ. ತಗ್ಗು ಇರಲಿಲ್ಲ, ಲಾರಿಗಟ್ಟಲೆ ಮಣ್ಣು ಸುರಿದು ರಸ್ತೆಯ ಮಟ್ಟಕ್ಕೆ ಏರಿಸಿದ್ದರು. ಬೇವಿನ ಮರ ಇರಲಿಲ್ಲ. ಪಕ್ಕದ ಮನೆಯ ಗಿಡ್ಡ ಗೋಡೆ ಹೋಗಿ ಎತ್ತರದ ಕಾಂಪೌಂಡು ಬಂದಿತ್ತು. ಕಟ್ಟೆ, ಮುಚ್ಚಳ ಯಾವುದೂ ಕಾಣುತ್ತಿರಲಿಲ್ಲ. ಮೇಲೆ ಒಂದು ಹದಕ್ಕೆ ತಟ್ಟಿದ ಕೆಂಪು ಮಣ್ಣು, ಮೂಲೆಯಲ್ಲಿ ಇಟ್ಟಿಗೆ ಮತ್ತು ಖಾಲಿ ಸಿಮೆಂಟ್ ಚೀಲಗಳು, ಕೆಲಸಕ್ಕೆ ಕಾದು ಕೂತ ಒಬ್ಬ ಮೇಸ್ತ್ರಿ.

ಬೇಕರಿ ಸಾಹುಕಾರ ಆಗಲೇ ಒಬ್ಬ ಎತ್ತರದ, ಕನ್ನಡಕದ ಮನುಷ್ಯನನ್ನು ಸೈಟಿನ ತುಂಬ ತಿರುಗಿಸುತ್ತಿದ್ದ. ಆ ಮನುಷ್ಯ ಕೈಯಲ್ಲಿ ಟೇಪು ಹಿಡಿದಿದ್ದ, ಏನೂ ಮಾತಾಡುತ್ತಿರಲಿಲ್ಲ. ಸಾಹುಕಾರ ಅವನ ಪಾಲನ್ನೂ ತಾನೇ ಮಾತಾಡುತ್ತಿದ್ದ.

"ನೋಡಿ ಸಾರ್, ಎಂಥಾ ಜಾಗ. ಚಿನ್ನ. ಮುಂದೆ ರಸ್ತೆ, ಹಿಂದೆ ಓಣಿ, ಗಾಳಿ ಬೆಳಕು ಎಲ್ಲ ಬೊಂಬಾಟ್. ಮಣ್ಣು ಗಟ್ಟಿ. ಕಾಲ ಮೇಲೆ ಕಾಲು ಹಾಕ್ಕೊಂಡು ಮೂರು ಮಹಡಿ ಎಬ್ಬಿಸ್ಬಹುದು. ಸರ್ಕಾರದ ರೇಟು ಏನಿದೆ, ಅದಕ್ಕಿಂತ ಜಾಸ್ತೀನೇ ಬಾಳತ್ತೆ ಇದು. ಬರೀವಾಗ ಸ್ವಲ್ಪ ಕೈ ಬಿಚ್ಚಿ ಬರೀರಿ."

"ಚರಂಡಿ ಏನಾದ್ರೂ ಇದೆಯಾ?" ಅಂದ ಆ ಮನುಷ್ಯ.

"ಛೆ ಛೆ. ಯಾರು ಹೇಳಿದ್ರು ಸಾರ್ ನಿಮಗೆ?"

"ಆಕ್ಷೇಪಣೆಯಲ್ಲಿ ಬರೆದಿದ್ದಾರೆ."

ಸಾಹುಕಾರ ಮನೆ ಕಟ್ಟಲು ಬ್ಯಾಂಕಿನಲ್ಲಿ ಸಾಲ ಕೇಳಿದ್ದ. ಬ್ಯಾಂಕಿನ ವ್ಯಾಲ್ಯುಯರೂ ಅವತ್ತೇ ಬರುವವನಿದ್ದ. ಬ್ಯಾಂಕಿನವನು ಹೆಚ್ಚು ಬರೆದಷ್ಟೂ ಸಾಲ ಹೆಚ್ಚು, ಅದಕ್ಕೇ ಯಾರು ಕೇಳಿದರೂ ದೋಷವಿಲ್ಲ ಅನ್ನುತ್ತಿದ್ದ. ಮೊದಲು ಬಂದವನನ್ನೇ ಬ್ಯಾಂಕಿನವನು ಅಂದುಕೊಂಡು ಇಷ್ಟೂ ಹೊತ್ತು ಸರ್ಕಾರದ ವ್ಯಾಲ್ಯುಯರ್ ಎದುರು ಶಂಖ ಊದಿದ್ದ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನೆ ಹೇಳಿದ್ದಾರಾ ಹಿರಿಯರು.

ಆಡಿಟರು ಅವನ ತೋಳು ಹಿಡಿದು ಆಚೆಗೆ ಎಳೆದರು. "ಸಾಹುಕಾರ್ರೆ, ತೆರಿಗೆ ಮಾರಿದವರಿಗೆ ಮಾತ್ರ ಅಂತ ತಿಳ್ಕೊಂಡ್ರಾ? ಸರ್ಕಾರದ ಬೆಲೆಗಿಂತ ಅಷ್ಟು ಕಮ್ಮಿಗೆ ಕೊಂಡ್ರೆ ಆ ವ್ಯತ್ಯಾಸ ನಿಮಗೆ ಬಂದ ಆದಾಯ ಅಂತ ಲೆಕ್ಕ. ನಿಮಗೂ ನೋಟೀಸು ಬರೋದಿದೆ. ಈಗ ಹೇಳಿದ್ರಲ್ಲ ಚಿನ್ನ ಅಂತ, ಚಿನ್ನಕ್ಕೇ ತೆರಿಗೆ ಕಟ್ಟಿ."

ಸಾಹುಕಾರನ ಮುಖ ಒಲೆಯಿಂದ ತೆಗೆದು ಮರೆತ ಬನ್ನಿನಂತೆ ಇಳಿದುಹೋಯಿತು. ಅತ್ತ ದರಿ, ಇತ್ತ ಪುಲಿ. ಚರಂಡಿ ಇದೆ ಅಂದರೆ ಬ್ಯಾಂಕು ಕೈಬಿಡುತ್ತದೆ, ಇಲ್ಲ ಅಂದರೆ ತೆರಿಗೆ ಕೈಹಿಡಿಯುತ್ತದೆ. ಕೆಟ್ಟ ಮನುಷ್ಯ ಅಲ್ಲ ಅವನು. ಸ್ವಂತ ಸೂರಿಲ್ಲದೆ ಬೇಕರಿಯ ಹಿಂದಿನ ಕೋಣೆಯಲ್ಲಿ ಇಬ್ಬರು ಮಕ್ಕಳನ್ನು ಬೆಳೆಸಿದವನು. ಟೇಲರಕ್ಕನಿಗೆ ಸಿಟ್ಟಿನ ನಡುವೆಯೂ ಅಯ್ಯೋ ಅನ್ನಿಸಿತು.

ಆಗಲೇ ಮೈನಾ ಬಂದಳು. ಬಸ್ಸಿನಿಂದ ನೇರ ಬಂದಿದ್ದಳು, ಹೆಗಲಲ್ಲಿ ಚೀಲ. ಅಕ್ಕನ ಮುಖ ನೋಡಲಿಲ್ಲ, ಸೈಟನ್ನೇ ನೋಡಿದಳು.

"ಸಾರ್, ಚರಂಡಿ ಇದೆ" ಅಂದ ಸಾಹುಕಾರ, ತಲೆ ತಗ್ಗಿಸಿ. "ನನಗೆ ಕೊಡೋವಾಗ ಅಕ್ಕ ತೋರಿಸಿಯೇ ಕೊಟ್ರು, ಅದಕ್ಕೇ ಅಷ್ಟಕ್ಕೆ ಸಿಕ್ತು. ಆಮೇಲೆ ಲಾರಿಯವರು ಮಣ್ಣು ಸುರಿದು ಹೋದ್ರು, ನಾನು ಅಂಗಡೀಲಿದ್ದೆ. ಎಲ್ಲಿ ಮುಚ್ಚಿಹೋಯ್ತೋ ಗೊತ್ತಿಲ್ಲ."

ವ್ಯಾಲ್ಯುಯರ್ ಕನ್ನಡಕ ತೆಗೆದು ಒರೆಸಿಕೊಂಡರು. "ಈಗಷ್ಟೇ ಇಲ್ಲ ಅಂದ್ರಿ, ಈಗ ಇದೆ ಅಂತೀರಿ. ನಾನು ಯಾವ ಮಾತು ಬರೀಲಿ? ನಾನು ಮಾರಿದ ದಿನದ ಬೆಲೆ ಹೇಳಬೇಕು, ಅದೂ ಕಣ್ಣಲ್ಲಿ ಕಂಡದ್ದರ ಮೇಲೆ. ಗುಂಡಿ ತೋರಿಸಿ, ಬರೀತೀನಿ. ಇಲ್ಲಾಂದ್ರೆ ಇದು ರಸ್ತೆ ಪಕ್ಕದ ಚೌಕ ಸೈಟು, ಅಷ್ಟೇ."

ಮೈನಾ ಈಗ ಅಕ್ಕನ ಕಡೆ ತಿರುಗಿದಳು. ಹೇಳು ನೋಡೋಣ ಅನ್ನುವ ಹಾಗೆ.

ಟೇಲರಕ್ಕ ಸೈಟಿನೊಳಗೆ ಹೋದಳು. ಬೇವಿನ ಮರ ಇಲ್ಲಿತ್ತು, ಅಲ್ಲಿಂದ ಹೀಗೆ ಬಂದರೆ ಇಲ್ಲಿ ಇರಬೇಕು ಅಂತ ಕಾಲಲ್ಲಿ ಒಂದು ಗೆರೆ ಎಳೆದಳು. ಮೇಸ್ತ್ರಿ ಹಾರೆ ತಂದು ಅಗೆದ. ಮಣ್ಣು, ಮಣ್ಣಿನ ಕೆಳಗೆ ಮಣ್ಣು. ಇನ್ನೊಂದು ಕಡೆ ತೋರಿಸಿದಳು. ಅಲ್ಲಿ ಇಟ್ಟಿಗೆ ಚೂರು ಸಿಕ್ಕಿತು, ಒಂದು ಹಳೆಯ ಚಪ್ಪಲಿ ಸಿಕ್ಕಿತು. ಬಟ್ಟೆಯ ಮೇಲೆ ಕಣ್ಣಂದಾಜಿನಲ್ಲೇ ಗೆರೆ ಎಳೆಯುವವಳಿಗೆ ತಾನು ದಿನಾ ಕೂತ ಜಾಗ ಸಿಗಲಿಲ್ಲ. ಬೆವರು ಸೀರೆಯ ಬೆನ್ನನ್ನು ನೆನೆಸಿತು. ವ್ಯಾಲ್ಯುಯರ್ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು.

"ಬಿಡಿ ಅಮ್ಮ" ಅಂದರು, ಬೇಸರದಿಂದಲ್ಲ, ಸೌಮ್ಯವಾಗಿಯೇ. "ಇಡೀ ಸೈಟು ಅಗೆಯೋಕಾಗಲ್ಲ."

"ಸಾಕು ಅಕ್ಕ" ಅಂದಳು ಮೈನಾ. "ಇಲ್ಲದ್ದನ್ನ ಎಲ್ಲಿಂದ ಹುಡುಕ್ತೀಯ? ನಿಜ ಹೇಳಿಬಿಡು. ನಾನೇನು ನಿನ್ನನ್ನ ಜೈಲಿಗೆ ಹಾಕ್ಸಲ್ಲ. ನಿನಗೆ ಬೇಕಿತ್ತು ಅಂದಿದ್ರೆ ಪೂರ್ತಿ ನಿನಗೇ ಕೊಡ್ತಿದ್ದೆ. ನನ್ನ ಹತ್ರ ಮುಚ್ಚಿಟ್ಟೆಯಲ್ಲ, ಅದು ನೋವು."

ಕಣ್ಣು ತುಂಬಿಕೊಂಡಿತ್ತು ಮೈನಾಳಿಗೆ. ಟೇಲರಕ್ಕ ಅದನ್ನು ನೋಡಿದಳು. ತೆರಿಗೆ ಹೋಗಲಿ, ಅಂಗಡಿಯ ಹೊಸ ಮೆಷಿನ್ನು ಮಾರಿಯಾದರೂ ಕಟ್ಟಬಹುದು. ಆದರೆ ಇವಳು ಈಗ ಈ ಬಸ್ಸಿಗೆ ಹೋದರೆ ಮತ್ತೆ ಬರುವುದಿಲ್ಲ. ಮನೆಗೆ ಬಂದರೂ ತಂಗಿಯಾಗಿ ಬರುವುದಿಲ್ಲ, ಮದುವೆ ಮುಂಜಿಗೆ ನೆಂಟರ ಹಾಗೆ ಬಂದು ಹೋಗುತ್ತಾಳೆ. ಮುಚ್ಚಿಟ್ಟದ್ದು ಹೌದಲ್ಲ ಅಂತಲೂ ಅನ್ನಿಸಿತು. ದುಡ್ಡಲ್ಲ, ಬೇರೆಯದ್ದು.

"ಮೈನಾ" ಅಂದಳು. "ನಿನ್ನ ಸ್ಟೇಜು ಎಲ್ಲಿತ್ತು, ತೋರಿಸು."

"ಈಗ ಅದ್ಯಾಕೆ?"

"ತೋರಿಸೇ."

ಮೈನಾ ಗೊಣಗುತ್ತ ಚೀಲ ಕೆಳಗಿಟ್ಟು ಒಳಗೆ ಬಂದಳು. ಅವಳು ನೆಲ ನೋಡಲಿಲ್ಲ. ತಲೆ ಎತ್ತಿ ಎದುರಿನ ಬೀದಿ ನೋಡಿದಳು. ಎದುರು ಮನೆಯ ಮಹಡಿಯಲ್ಲಿ ನೀಲಿ ಸರಳಿನ ಕಿಟಕಿ, ಅದು ಮಾತ್ರ ಹಾಗೇ ಇತ್ತು. ಅದರ ಹಿಂದೆ ದೂರದಲ್ಲಿ ಊರಿನ ನೀರಿನ ಟ್ಯಾಂಕು. "ಆ ಕಿಟಕೀಲಿ ಒಬ್ಬ ಅಜ್ಜಿ ಕೂತು ಕೇಳ್ತಿದ್ರು" ಅಂದಳು ತನ್ನಷ್ಟಕ್ಕೆ. "ನಾನು ಹಾಡೋವಾಗ ಟ್ಯಾಂಕು ಸರಿಯಾಗಿ ಅವರ ತಲೆ ಮೇಲೆ ಕಿರೀಟದ ಹಾಗೆ ಕಾಣ್ತಿತ್ತು. ನಗು ಬಂದು ಹಾಡು ನಿಂತುಹೋಗೋದು." ಒಂದು ಹೆಜ್ಜೆ ಎಡಕ್ಕೆ ಹೋದಳು. ಹಿಂದಕ್ಕೆ ಬಂದಳು. ಟ್ಯಾಂಕು ಕಿಟಕಿಯ ಮೇಲೆ ಬಂದು ಕೂತಿತು. "ಇಲ್ಲಿ" ಅಂದಳು.

ಮೇಸ್ತ್ರಿ ಅವಳ ಕಾಲಿನ ಹತ್ತಿರ ಹಾರೆ ಹಾಕಿದ. ಮೊಣಕಾಲಿನಷ್ಟು ಇಳಿದ ಮೇಲೆ ಹಾರೆ ಠಣ್ ಅಂತು. ಮಣ್ಣು ಸರಿಸಿದರು. ಮೊದಲು ದುಂಡನೆಯ ಅಂಚು ಕಂಡಿತು, ಆಮೇಲೆ ಮುಚ್ಚಳ. ವ್ಯಾಲ್ಯುಯರ್ ತಾವೇ ಬಗ್ಗಿ ಕೈಯಿಂದ ಮಣ್ಣು ಒರೆಸಿದರು. ನಡುವೆ ಎತ್ತುವ ಕಬ್ಬಿಣದ ಬಳೆ, ಸುತ್ತ ನಗರಸಭೆಯ ಹಳೆಯ ಮುದ್ರೆ. ಮೇಸ್ತ್ರಿ ಬಳೆಗೆ ಹಾರೆ ತೂರಿಸಿ ಮುಚ್ಚಳವನ್ನು ಒಂದಿಷ್ಟು ಎಬ್ಬಿಸಿದ. ವಾಸನೆ ಬಂತು. ಕೆಳಗೆ ನೀರು ಹರಿಯುವ ಸದ್ದು ಬಂತು. ಟಾರ್ಚು ಬಿಟ್ಟು ನೋಡಿದ ವ್ಯಾಲ್ಯುಯರ್, ಪೈಪು ಯಾವ ದಿಕ್ಕಿಂದ ಬಂದು ಯಾವ ದಿಕ್ಕಿಗೆ ಹೋಗುತ್ತದೆ ಅಂತ ಗುರುತು ಮಾಡಿಕೊಂಡು, ಅದೇ ನೇರಕ್ಕೆ ಹಿಂದಿನ ಓಣಿಗೆ ನಡೆದರು. ಅಲ್ಲಿ ಗಿಡಗಂಟಿಯ ಅಡಿಯಲ್ಲಿ ಅದರ ಜೋಡಿ ಮುಚ್ಚಳ ಸಿಕ್ಕಿತು. ಫೋಟೋ ತೆಗೆದರು, ಮತ್ತೆ ಟೇಪು ಬಿಚ್ಚಿದರು.

"ಮೂಲೆಯಿಂದ ಮೂಲೆಗೆ ಹೋಗಿದೆ" ಅಂದರು ಬಂದು. "ಎರಡೂ ಕಡೆ ಜಾಗ ಬಿಟ್ರೆ ಕಟ್ಟೋಕೆ ಉಳಿಯೋದು ಎರಡು ತುಂಡು. ತಗ್ಗು ಬೇರೆ ಇತ್ತು ಅಂತೀರಿ, ಅದೂ ಈ ಕಟ್ಟೆಯ ಮಟ್ಟ ನೋಡಿದ್ರೇ ಗೊತ್ತಾಗತ್ತೆ. ಮತ್ತೆ ಸಾಹುಕಾರ್ರೆ, ಇದನ್ನ ಮುಚ್ಚೋ ಹಾಗಿಲ್ಲ. ಕಟ್ಟೆ ಎಬ್ಬಿಸಿ ಮೇಲೆ ತನ್ನಿ."

ಮುಂದಿನದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ನಿಮಗೂ ಕುತೂಹಲ ಇರುತ್ತದೆ. ಅವರ ವರದಿ ಬಂತು. ಇವರು ಮಾರಿದ್ದಕ್ಕಿಂತ ಸ್ವಲ್ಪ ಮೇಲೆ, ಸರ್ಕಾರದ ಬೆಲೆಗಿಂತ ಬಹಳ ಕೆಳಗೆ. ತೆರಿಗೆ ಆಫೀಸರು ಅದನ್ನೇ ಹಿಡಿದರು. ಅಕ್ಕತಂಗಿಯರಿಬ್ಬರೂ ತಮ್ಮ ತಮ್ಮ ಅರ್ಧಕ್ಕೆ ಒಂದಿಷ್ಟು ಕಟ್ಟಿದರು, ಮೆಷಿನ್ನು ಉಳಿಯಿತು. ಸಾಹುಕಾರನಿಗೂ ನೋಟೀಸು ಬಂತು, ಅವನೂ ತನ್ನ ಕಡೆಯಿಂದ ಆಕ್ಷೇಪಣೆ ಹಾಕಿದ, ಆಡಿಟರು ಅವನ ಕಡತಕ್ಕೆ ಈ ವರದಿಯ ನಕಲು ಸೇರಿಸಿದರು. ಬ್ಯಾಂಕಿನವನು ಆವತ್ತು ಸರಿಯಾಗಿ ಮುಚ್ಚಳ ತೆರೆದಿದ್ದ ಹೊತ್ತಿಗೇ ಕಾರಿನಿಂದ ಇಳಿದ. ಸಾಲ ಕಮ್ಮಿ ಸಿಕ್ಕಿತು, ಮೂರು ಮಹಡಿಯ ಮನೆ ಒಂದೇ ಮಹಡಿ ಆಗಿ ದೊಡ್ಡ ತುಂಡಿನ ಮೇಲೆ ಎದ್ದಿತು. ಆದರೂ ಅದು ಅವನ ಸ್ವಂತ ಸೂರು.

ಅದೆಲ್ಲ ಆಮೇಲಿನ ಮಾತು. ಆವತ್ತು ಮುಚ್ಚಳ ಮತ್ತೆ ಮುಚ್ಚಿ ಎಲ್ಲರೂ ಓಣಿಯ ಕಡೆ ಹೋಗಿದ್ದಾಗ ಮೈನಾ ಆ ಗುಂಡಿಯ ಅಂಚಿನಲ್ಲೇ ನಿಂತಿದ್ದಳು. ಮುಚ್ಚಳವನ್ನೇ ನೋಡುತ್ತಿದ್ದಳು.

"ಅಕ್ಕ. ಇದು ನನ್ನ ಸ್ಟೇಜಾ?"

"ಹೂಂ."

"ಅಪ್ಪ ಕಟ್ಟಿಸಿದ್ದಲ್ವಾ?"

ಟೇಲರಕ್ಕ ಅಲ್ಲ ಅನ್ನುವ ಹಾಗೆ ತಲೆ ಆಡಿಸಿದಳು. "ಎಲ್ಲರೂ ನಿನ್ನನ್ನ ಆಡಿಕೊಂಡಿದ್ರು. ಅಳ್ತಿದ್ದೆ ನೀನು. ನನಗೆ ಬೇರೇನೂ ತೋಚಲಿಲ್ಲ. ಅಪ್ಪನ ಹತ್ರ ದುಡ್ಡಿದ್ದಿದ್ರೆ ಕಟ್ಟಿಸ್ತಿದ್ದ ಕಣೆ, ಅದು ಸುಳ್ಳಲ್ಲ. ಕೆಂಪು ಲೈನಿಂಗ್ ಬಟ್ಟೆ ಕೊಟ್ಟವನು ಅವನೇ. ಯಾತಕ್ಕೆ ಅಂತ ಕೇಳಿದ, ಹೇಳ್ದೆ. ಥಾನಿನಿಂದ ಹೊಸದನ್ನೇ ಕತ್ತರಿಸಿ ಕೊಟ್ಟ."

ಮೈನಾ ಬಗ್ಗಿ ಮುಚ್ಚಳದ ಕಬ್ಬಿಣದ ಬಳೆ ಮುಟ್ಟಿದಳು. "ಫೋನಲ್ಲೇ ಹೇಳ್ಬಹುದಿತ್ತಲ್ಲ. ನಾನು ನಿನ್ನನ್ನ ಕಳ್ಳಿ ಅಂತ ತಿಳ್ಕೊಂಡಾಗ್ಲಾದ್ರೂ."

"ಹೇಳಿದ್ರೆ ನಿನ್ನ ಸ್ಟೇಜು ಹೋಗ್ತಿತ್ತು."

ಮೈನಾ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುವಿನ ನಡುವೆ ಅವಳಿಗೆ ಇನ್ನೊಂದು ಅನುಮಾನ ಬಂತು. ಚಿಕ್ಕಂದಿನಿಂದ ಹಾಗೇ ಅವಳು, ಅಳುವಾಗಲೂ ಪ್ರಶ್ನೆ ಕೇಳುವವಳು.

"ಆದ್ರೆ ನೀನೂ ದಿನಾ ಇಲ್ಲೇ ಕೂತಿರ್ತಿದ್ದೆ. ನನ್ನೆದುರಿಗೇ. ನಿನಗೆ ಯಾಕೆ ಜಾಗ ಸಿಗ್ಲಿಲ್ಲ? ಕಿಟಕಿ, ಟ್ಯಾಂಕು ಏನೂ ನೆನಪಿಲ್ವಾ?"

"ಅವೆಲ್ಲ ನನ್ನ ಬೆನ್ನಿಗಿದ್ವು" ಅಂದಳು ಟೇಲರಕ್ಕ. "ನಾನು ನಿನ್ನ ಮುಖ ನೋಡ್ಕೊಂಡು ಕೂತಿರ್ತಿದ್ದೆ. ಸುತ್ತ ಏನಿದೆ ಅಂತ ಯಾವತ್ತು ನೋಡ್ದೆ ನಾನು?"

ಮೈನಾ ಮೂಲೆಗೆ ಹೋಗಿ ಒಂದು ಖಾಲಿ ಸಿಮೆಂಟ್ ಚೀಲ ತಂದಳು, ಕೊಡವಿದಳು, ಮುಚ್ಚಳದ ಮೇಲೆ ಸರಿಯಾಗಿ ಹಾಸಿದಳು. ಅಂಚು ಮಡಚಿಕೊಂಡಿತ್ತು, ಟೇಲರಕ್ಕ ಅಭ್ಯಾಸಬಲದಿಂದ ಬಗ್ಗಿ ಅದನ್ನು ಎಳೆದು ಸಮ ಮಾಡಿದಳು. ಮೈನಾ ಚಪ್ಪಲಿ ಬಿಟ್ಟು ಗುಂಡಿಗೆ ಇಳಿದು ಅದರ ಮೇಲೆ ನಿಂತಳು.

"ಕೂತ್ಕೋ ಅಕ್ಕ" ಅಂದಳು.

ಟೇಲರಕ್ಕ ಕಿಟಕಿಗೆ ಬೆನ್ನು ಹಾಕಿ ಮಣ್ಣಿನ ಮೇಲೆ ಕೂತಳು.